ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ: ಹಿರಿಯರಿಗೆ ಓದಿ ಹೇಳಬೇಕಾದುದು

ವಯಸ್ಸಾದವರು ಬಿದ್ದು ಸೊಂಟದ ಬಳಿಯ ಮೂಳೆ ಮುರಿದುಕೊಳ್ಳುವುದು ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ತೋಟದಲ್ಲಿ ಉದುರಿದ ಗರಿಯನ್ನು ಎಡವಿ, ಬಚ್ಚಲಿನ ಪಾಚಿಯ ಮೇಲೆ ಜಾರಿ, ರಾತ್ರಿ ಮೂತ್ರಕ್ಕೆಂದು ಎದ್ದಾಗ ಹೊಸ್ತಿಲು ಕಾಣದೆ, ಹೀಗೆ ಕಾರಣಗಳು ಸಣ್ಣವು. ಅಮ್ಮಸಂದ್ರದ ಸುತ್ತಲಿನ ಹಳ್ಳಿಗಳಿಂದ ಇಂತಹವರನ್ನು ತಿಪಟೂರಿಗೋ ತುಮಕೂರಿಗೋ, ಕೆಲವೊಮ್ಮೆ ಬೆಂಗಳೂರಿಗೋ ಕರೆದೊಯ್ಯುತ್ತಾರೆ. ಎಕ್ಸ್‌ರೇ ಆಗುತ್ತದೆ, ಆಪರೇಷನ್ ಬೇಕೆಂದು ಹೇಳುತ್ತಾರೆ, ಮಗನ ಕೈಗೆ ಮೂರು ನಾಲ್ಕು ಪುಟಗಳ ಒಪ್ಪಿಗೆ ಪತ್ರ ಬರುತ್ತದೆ. ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿದ್ದರೂ ಕಚೇರಿಯ ಕನ್ನಡವಾಗಿರುತ್ತದೆ. ಅದರಲ್ಲಿ ಸಾವು, ಸೋಂಕು, ಹೃದಯಾಘಾತ ಎಂಬ ಪದಗಳನ್ನು ಕಂಡೊಡನೆ ಮನೆಯವರು ಎರಡರಲ್ಲೊಂದು ಮಾಡುತ್ತಾರೆ. ಓದದೆ ಸಹಿ ಹಾಕುತ್ತಾರೆ, ಇಲ್ಲವೇ ಹೆದರಿ ರೋಗಿಯನ್ನು ಮನೆಗೆ ಕರೆತರುತ್ತಾರೆ. ಎರಡೂ ಸಂದರ್ಭಗಳಲ್ಲಿ ಮುರಿದ ಮೂಳೆಯ ಒಡತಿಗೆ ಯಾರೂ ಏನನ್ನೂ ಹೇಳಿರುವುದಿಲ್ಲ.

ನಾವು ಶಸ್ತ್ರಚಿಕಿತ್ಸಕರಲ್ಲ, ಆಯುರ್ವೇದ ಓದಿದವರು. ಆದರೂ ಇಂತಹ ಪತ್ರವನ್ನು ಹಿಡಿದುಕೊಂಡು ಅಥವಾ ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು ನಮ್ಮ ಬಳಿ ಬಂದು, ಇದರಲ್ಲಿ ಏನಿದೆ ಹೇಳಿ ಎಂದು ಕೇಳುವವರು ಬಹಳ. ಅವರಿಗೆ ನಾವು ಹೇಳುವುದು ಒಂದೇ. ಪತ್ರದ ಸಾರವನ್ನು ಒಂದೇ ಪುಟದಲ್ಲಿ ಆಡುಮಾತಿನಲ್ಲಿ ಬರೆಯಿರಿ, ಆಪರೇಷನ್ನಿನ ಅಪಾಯದ ಪಕ್ಕದಲ್ಲಿಯೇ ಆಪರೇಷನ್ ಮಾಡಿಸದಿದ್ದರೆ ಆಗುವ ಅಪಾಯವನ್ನೂ ಬರೆಯಿರಿ, ಅದನ್ನು ರೋಗಿಗೇ ಓದಿ ಹೇಳಿರಿ. ಒಪ್ಪಿಗೆ ಪತ್ರದಲ್ಲಿ ಸಾಮಾನ್ಯವಾಗಿ ಮೊದಲನೆಯ ಅಪಾಯದ ಪಟ್ಟಿ ಉದ್ದವಾಗಿಯೂ ಎರಡನೆಯದು ಒಂದೇ ಸಾಲಿನಲ್ಲಿಯೂ ಇರುತ್ತದೆ. ಒಂದೇ ತಟ್ಟೆಯಲ್ಲಿ ತೂಕವಿಟ್ಟ ತಕ್ಕಡಿ ಏನನ್ನೂ ತೂಗುವುದಿಲ್ಲ.

ಈ ಮಾತು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂತ್ರಕೋಶದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಪ್ರಕರಣವಿದೆ. ಶಸ್ತ್ರಕರ್ಮ ಮಾಡದಿದ್ದರೆ ಮರಣ ಖಚಿತ, ಮಾಡಿದರೆ ಫಲ ಸಂದೇಹ, ಆದ್ದರಿಂದ ಒಡೆಯನ ಅನುಮತಿ ಪಡೆದು ಮುಂದುವರಿಯಬೇಕು ಎಂಬುದು ಅಲ್ಲಿಯ ಅಭಿಪ್ರಾಯ. ಮಾಡುವುದರ ಸಂದೇಹವನ್ನೂ ಮಾಡದಿರುವುದರ ನಿಶ್ಚಯವನ್ನೂ ಎದುರುಬದುರು ಇಟ್ಟು ನೋಡಿದ ಮೇಲೆಯೇ ಅನುಮತಿಯ ಮಾತು ಬರುತ್ತದೆಂಬುದನ್ನು ಗಮನಿಸಬೇಕು. ಅಂದು ಕೇಳುತ್ತಿದ್ದುದು ಒಡೆಯನನ್ನು, ಇಂದು ಕೇಳಬೇಕಾದುದು ರೋಗಿಯನ್ನು. ಇದೊಂದೇ ವ್ಯತ್ಯಾಸ.

ಈ ವ್ಯತ್ಯಾಸವನ್ನು ನಮ್ಮ ದೇಶದ ಕಾನೂನಿನಲ್ಲಿ ಸ್ಪಷ್ಟಪಡಿಸಿದ್ದು ಸುಪ್ರೀಂ ಕೋರ್ಟಿನ 2008ರ ಜನವರಿ 16ರ ತೀರ್ಪು. ಸಮೀರಾ ಕೊಹ್ಲಿ ಮತ್ತು ಡಾ. ಪ್ರಭಾ ಮನ್‌ಚಂದಾ ಪ್ರಕರಣವೆಂದು ಅದು ಪ್ರಸಿದ್ಧ. ಅದನ್ನು ಬರೆದವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್. ವಿ. ರವೀಂದ್ರನ್ ಅವರು. 44 ವರ್ಷದ ಮಹಿಳೆಯೊಬ್ಬರು ಹೊಟ್ಟೆಯೊಳಗೆ ಕೊಳವೆಯಿಳಿಸಿ ಮಾಡುವ ಪರೀಕ್ಷೆಗೆ ಒಪ್ಪಿ ಅರಿವಳಿಕೆಯಲ್ಲಿದ್ದಾಗ, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಗಿತ್ತು. ಜೀವ ಉಳಿಸಲು ಆ ಕ್ಷಣವೇ ಮಾಡಲೇಬೇಕಾದ ಕೆಲಸ ಅದಾಗಿರಲಿಲ್ಲ. ಎಚ್ಚರವಾದ ಮೇಲೆ ತಾನೇ ನಿರ್ಧರಿಸಬಲ್ಲ ವಯಸ್ಕಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ನ್ಯಾಯಾಲಯ ಹೇಳಿತು. ಒಪ್ಪಿಗೆಗೆ ಮೊದಲು ರೋಗಿಗೆ ಏನೇನು ತಿಳಿಸಬೇಕೆಂಬುದನ್ನೂ ಅದೇ ತೀರ್ಪು ಹೇಳಿದೆ: ಚಿಕಿತ್ಸೆಯ ಸ್ವರೂಪ ಮತ್ತು ವಿಧಾನ, ಅದರ ಉದ್ದೇಶ ಮತ್ತು ಪರಿಣಾಮ, ಬೇರೆ ದಾರಿಗಳಿದ್ದರೆ ಅವು, ಮುಖ್ಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಕೆಡುಕು. ಎಲ್ಲೋ ಒಬ್ಬರಿಗೆ ಆಗಬಹುದಾದ ದೂರದ ಅಪಾಯಗಳನ್ನೆಲ್ಲ ಹೇಳಿ ರೋಗಿಯನ್ನು ಹೆದರಿಸಿ ಹಿಂದೆ ಸರಿಯುವಂತೆ ಮಾಡಬೇಕಾಗಿಲ್ಲವೆಂಬ ವಿವೇಕವೂ ಅದರಲ್ಲಿದೆ. ನಮ್ಮ ಒಂದು ಪುಟದ ಸಾರಕ್ಕೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಬೇಕಿಲ್ಲ.

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 78 ವರ್ಷದ ತಾಯಿಯೊಬ್ಬರು. ರಕ್ತದೊತ್ತಡಕ್ಕೂ ಸಕ್ಕರೆಗೂ ಮಾತ್ರೆ ನುಂಗುತ್ತಾರೆ. ನಿನ್ನೆಯವರೆಗೂ ಕೋಲು ಹಿಡಿಯದೆ ಅಂಗಳದಲ್ಲಿ ಓಡಾಡಿಕೊಂಡು, ಕೊಬ್ಬರಿ ಹರವುವಾಗ ಕೈಜೋಡಿಸುತ್ತಿದ್ದರು. ಬಚ್ಚಲಿನಲ್ಲಿ ಬಿದ್ದಿದ್ದಾರೆ. ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿ ಕಾಣುತ್ತದೆ, ಪಾದ ಹೊರಕ್ಕೆ ತಿರುಗಿಕೊಂಡಿದೆ, ಕಾಲನ್ನು ಹಾಸಿಗೆಯಿಂದ ಮೇಲೆತ್ತಲಾಗುವುದಿಲ್ಲ. ಎಕ್ಸ್‌ರೇಯಲ್ಲಿ ತೊಡೆಮೂಳೆಯ ಕುತ್ತಿಗೆ ಮುರಿದು ತುಂಡುಗಳು ಸರಿದಿವೆ. ಒಪ್ಪಿಗೆ ಪತ್ರದಲ್ಲಿ ಚಿಕಿತ್ಸೆಯ ಹೆಸರು ಬೈಪೋಲಾರ್ ಹೆಮಿಆರ್ಥ್ರೋಪ್ಲಾಸ್ಟಿ ಎಂದಿದೆ.

ಸಾರ ಬರೆಯುವವರು ಶಸ್ತ್ರಚಿಕಿತ್ಸಕರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಮೂಳೆ ಮುರಿದಿರುವುದು ನಿಖರವಾಗಿ ಎಲ್ಲಿ, ಸರಿದಿದೆಯೋ ಇಲ್ಲವೋ ಎಂಬುದು. ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು, ಅದರ ಕೆಳಗೆ ಕುತ್ತಿಗೆ, ಅದರ ಕೆಳಗೆ ದಪ್ಪನೆಯ ಭಾಗ. ಗುಂಡಿಗೆ ಹೋಗುವ ರಕ್ತನಾಳಗಳಲ್ಲಿ ಮುಖ್ಯವಾದವು ಕುತ್ತಿಗೆಯನ್ನು ಅಪ್ಪಿಕೊಂಡೇ ಮೇಲೇರುತ್ತವೆ. ಕುತ್ತಿಗೆ ಮುರಿದು ಸರಿದಾಗ ಅವು ಹರಿಯುತ್ತವೆ. ರಕ್ತ ಸಿಗದ ಗುಂಡು ಕೂಡಿಕೊಳ್ಳುವುದಿಲ್ಲ, ಕಾಲಕ್ರಮದಲ್ಲಿ ಸವೆದು ಕುಸಿಯುತ್ತದೆ. ಆದ್ದರಿಂದಲೇ ಈ ವಯಸ್ಸಿನಲ್ಲಿ ಗುಂಡನ್ನು ತೆಗೆದು ಲೋಹದ ಗುಂಡನ್ನು ಕೂರಿಸುತ್ತಾರೆ. ಮುರಿದಿದ್ದರೂ ಸರಿಯದಿದ್ದರೆ ಎರಡು ಮೂರು ಸ್ಕ್ರೂಗಳಿಂದ ಹಿಡಿದಿಡಬಹುದು. ಮುರಿತ ಕುತ್ತಿಗೆಯ ಕೆಳಗಿನ ದಪ್ಪ ಭಾಗದಲ್ಲಿದ್ದರೆ ಅಲ್ಲಿ ರಕ್ತ ಸಂಚಾರ ಚೆನ್ನಾಗಿರುವುದರಿಂದ ಗುಂಡು ಬದಲಿಸದೆ ರಾಡು ಹಾಕಿ ಕೂಡಿಸುತ್ತಾರೆ. ಪಕ್ಕದ ಮನೆಯವರಿಗೆ ರಾಡು ಹಾಕಿದರು, ನಮ್ಮ ತಾಯಿಗೇಕೆ ಗುಂಡು ಬದಲಿಸುತ್ತಾರೆ ಎಂಬ ಅನುಮಾನಕ್ಕೆ ಉತ್ತರ ಇಲ್ಲಿದೆ. ಇಬ್ಬರ ಮುರಿತವೂ ಒಂದೇ ಅಲ್ಲ.

ಎರಡನೆಯದು ವಿಧಾನ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವುದು ಸಾಮಾನ್ಯ, ಕೆಲವರಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಸೊಂಟದ ಪಕ್ಕದಲ್ಲಿ ಅಂಗೈ ಉದ್ದಕ್ಕೆ ಸೀಳಿ ಮುರಿದ ಗುಂಡನ್ನು ಹೊರತೆಗೆಯುತ್ತಾರೆ. ಅದರ ಅಳತೆಗೆ ಸರಿಯಾದ ಲೋಹದ ಗುಂಡನ್ನು ಆರಿಸಿ, ಅದರ ಕಾಂಡವನ್ನು ತೊಡೆಮೂಳೆಯ ಟೊಳ್ಳಿನೊಳಕ್ಕೆ ಇಳಿಸಿ ಕೂರಿಸುತ್ತಾರೆ. ಮೂಳೆ ಸವೆದು ತೆಳುವಾಗಿದ್ದರೆ ಕಾಂಡ ಅಲುಗಾಡದಿರಲು ಸಿಮೆಂಟು ಹಾಕುತ್ತಾರೆ. ಇದು ನಮ್ಮ ಅಮ್ಮಸಂದ್ರದ ಕಾರ್ಖಾನೆಯ ಸಿಮೆಂಟಲ್ಲ, ಆ ಹೆಸರಿನ ವೈದ್ಯಕೀಯ ಅಂಟು. ಒಟ್ಟು ಒಂದರಿಂದ ಒಂದೂವರೆ ಗಂಟೆಯ ಕೆಲಸ. ಮರುದಿನವೇ ವಾಕರ್ ಹಿಡಿದು ನಿಲ್ಲಿಸುತ್ತಾರೆ, ಹನ್ನೆರಡರಿಂದ ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ.

ಇಲ್ಲಿ ಪರಿಣಾಮ ಎಂಬ ಮಾತನ್ನು ಮರೆಯಬಾರದು. ಕೂರಿಸಿದ ಗುಂಡು ಕೆಲವು ಭಂಗಿಗಳಲ್ಲಿ ಜಾರಬಹುದು. ಆದ್ದರಿಂದ ಮೊದಲ ಆರರಿಂದ ಹನ್ನೆರಡು ವಾರ ನೆಲದ ಮೇಲೆ ಕೂರುವಂತಿಲ್ಲ, ಚಕ್ಕಳಮಕ್ಕಳ ಹಾಕುವಂತಿಲ್ಲ, ಕುಕ್ಕರಗಾಲಿನಲ್ಲಿ ಶೌಚಕ್ಕೆ ಕೂರುವಂತಿಲ್ಲ. ಅನೇಕ ವೈದ್ಯರು ಇದನ್ನು ಜೀವಮಾನವಿಡೀ ಪಾಲಿಸಿ ಎನ್ನುತ್ತಾರೆ. ನೆಲದ ಮೇಲೆ ಕುಳಿತು ಪೂಜೆ ಮಾಡುವ, ನೆಲದ ಮೇಲೆಯೇ ಉಣ್ಣುವ ತಾಯಿಗೆ ಇದು ಸಣ್ಣ ವಿಷಯವಲ್ಲ. ಕುರ್ಚಿಯ ಮೇಲೆ ಕುಳಿತೇ ಪೂಜೆ ಮಾಡಬೇಕಾದೀತು ಎಂದು ಮೊದಲೇ ಹೇಳಿದರೆ ಅವರು ಮನಸ್ಸನ್ನು ಅಣಿಮಾಡಿಕೊಳ್ಳುತ್ತಾರೆ. ಇಷ್ಟಲಿಂಗದ ವಿಷಯವನ್ನೂ ಮುಂಚೆಯೇ ಮಾತನಾಡಬೇಕು. ರಕ್ತ ನಿಲ್ಲಿಸಲು ವಿದ್ಯುತ್ತಿನ ಉಪಕರಣ ಬಳಸುವುದರಿಂದ ಮೈಮೇಲಿನ ಲೋಹವನ್ನೆಲ್ಲ, ಬೆಳ್ಳಿಯ ಕರಡಿಗೆಯನ್ನೂ, ತೆಗೆಯಿರಿ ಎನ್ನುತ್ತಾರೆ. ಥಿಯೇಟರಿನ ಬಾಗಿಲಲ್ಲಿ ದಾದಿಯೊಬ್ಬಳು ಅವಸರದಲ್ಲಿ ಕೇಳಿದಾಗ ಆ ತಾಯಿ ಕಳವಳಗೊಳ್ಳುತ್ತಾರೆ. ಹಿಂದಿನ ದಿನವೇ ಅರಿವಳಿಕೆ ವೈದ್ಯರಿಗೆ ತಿಳಿಸಿದರೆ ಲೋಹವಿಲ್ಲದೆ ಬಟ್ಟೆಯಲ್ಲಿ ಕಟ್ಟಿಕೊಳ್ಳಲು ಆಗುತ್ತದೆಯೇ, ಇಲ್ಲವಾದರೆ ಆ ಹೊತ್ತಿನಲ್ಲಿ ಯಾರ ಬಳಿ ಇರಬೇಕು ಎಂಬುದನ್ನು ನೆಮ್ಮದಿಯಿಂದ ತೀರ್ಮಾನಿಸಬಹುದು.

ಮೂರನೆಯದು ಅಪಾಯ. ಪತ್ರದಲ್ಲಿ ಹದಿನೈದು ಇಪ್ಪತ್ತು ಹೆಸರುಗಳು ಒಂದರ ಕೆಳಗೊಂದು ಒಂದೇ ಅಳತೆಯ ಅಕ್ಷರಗಳಲ್ಲಿರುತ್ತವೆ. ಅವುಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಇಂತಹ ನೂರು ಜನರಲ್ಲಿ ಎಷ್ಟು ಮಂದಿಗೆ ಆಗುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಈ ವಯಸ್ಸಿನವರಲ್ಲಿ ಅತಿ ಹೆಚ್ಚಾಗಿ ಕಾಣುವುದು ಆಪರೇಷನ್ನಿನ ಬಳಿಕದ ಮನೋವಿಭ್ರಮ. ನೂರರಲ್ಲಿ ಇಪ್ಪತ್ತು ಮೂವತ್ತು ಜನ ಒಂದೆರಡು ದಿನ ಇಲ್ಲದ್ದನ್ನು ಕಂಡಂತೆ ಮಾತನಾಡುತ್ತಾರೆ, ರಾತ್ರಿ ಎದ್ದು ಹೋಗಲು ನೋಡುತ್ತಾರೆ. ಬಹುತೇಕ ಇಳಿಯುತ್ತದೆ. ಮೊದಲೇ ತಿಳಿಯದಿದ್ದರೆ ಮನೆಯವರು ಬುದ್ಧಿ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಗುಂಡಿನ ಆಳಕ್ಕೆ ಸೋಂಕು ಇಳಿಯುವುದು, ಕೂರಿಸಿದ ಗುಂಡು ಜಾರುವುದು, ಇವೆರಡೂ ನೂರರಲ್ಲಿ ಎರಡು ಮೂರರ ಆಸುಪಾಸು. ಆದರೆ ಆದಾಗ ಮತ್ತೊಂದು ಆಪರೇಷನ್ ಬೇಕಾಗಬಹುದು, ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಸೋಂಕಿನ ಸಂಭವ ಹೆಚ್ಚುತ್ತದೆ. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗದಿರಲೆಂದು ಸುಮಾರು ಒಂದು ತಿಂಗಳು ರಕ್ತ ತೆಳುಮಾಡುವ ಔಷಧ ಕೊಡುತ್ತಾರೆ. ಸಿಮೆಂಟು ಹಾಕುವ ಕೆಲವು ನಿಮಿಷಗಳಲ್ಲಿ ರಕ್ತದೊತ್ತಡ ಹಠಾತ್ತಾಗಿ ಕುಸಿಯುವುದು ಅಪರೂಪ, ಆದರೆ ಹೃದಯ ದುರ್ಬಲವಾದವರಲ್ಲಿ ಗಂಭೀರ.

ಸಾವಿನ ಮಾತನ್ನು ಹೇಗೆ ಬರೆಯುವುದು? ಸೊಂಟದ ಮೂಳೆ ಮುರಿದು ಆಪರೇಷನ್ ಆದ ವೃದ್ಧರಲ್ಲಿ ಮೊದಲ ತಿಂಗಳಲ್ಲಿ ನೂರರಲ್ಲಿ ಸುಮಾರು ಐದರಿಂದ ಹತ್ತು ಮಂದಿ, ಒಂದು ವರ್ಷದೊಳಗೆ ಇಪ್ಪತ್ತರಿಂದ ಮೂವತ್ತು ಮಂದಿ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ದಾಖಲೆಗಳು ತೋರಿಸುತ್ತವೆ. ಇದನ್ನು ಕೇಳಿದವರು ಆಪರೇಷನ್ನಿನಿಂದಲೇ ಇಷ್ಟು ಸಾವೇ ಎಂದು ಬೆಚ್ಚುತ್ತಾರೆ. ಹಾಗಲ್ಲ. ಮುರಿತವೇ ದೊಡ್ಡ ಪೆಟ್ಟು. ಅದು ಸಾಮಾನ್ಯವಾಗಿ ಆಗುವುದು ಈಗಾಗಲೇ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳು ಸೋತವರಿಗೆ. ಆದ್ದರಿಂದ ಈ ಸಂಖ್ಯೆಯನ್ನು ಎಂದಿಗೂ ಒಂಟಿಯಾಗಿ ಬರೆಯಬಾರದು.

ನಾಲ್ಕನೆಯದು ಬೇರೆ ದಾರಿ, ಐದನೆಯದು ಏನೂ ಮಾಡಿಸದಿದ್ದರೆ ಎಂಬುದು. ನಮ್ಮಲ್ಲಿ ಬೇರೆ ದಾರಿ ಎಂದರೆ ಮೊದಲು ನೆನಪಾಗುವುದು ನಾಟಿ ಮೂಳೆ ವೈದ್ಯರು, ಆಂಧ್ರದ ಪುತ್ತೂರಿನ ಕಟ್ಟು. ಮುಂಗೈ ಮೂಳೆ ಕಟ್ಟಿನಿಂದ ಕೂಡಿಕೊಂಡವರನ್ನು ಎಲ್ಲರೂ ಬಲ್ಲರು. ಅಲ್ಲಿ ಮೂಳೆಯ ಎರಡೂ ತುಂಡುಗಳಿಗೆ ರಕ್ತ ಸಿಗುತ್ತದೆ, ಹೊರಗಿನ ದಬ್ಬೆ ಅಲುಗಾಟವನ್ನು ತಡೆಯುತ್ತದೆ. ಸರಿದ ಕುತ್ತಿಗೆಯ ಮುರಿತದಲ್ಲಿ ಈ ಎರಡೂ ಇಲ್ಲ. ಮುರಿತ ಕೀಲಿನ ಚೀಲದೊಳಗಿದೆ, ದಪ್ಪನೆಯ ಮಾಂಸದ ಆಳದಲ್ಲಿದೆ, ಗುಂಡಿಗೆ ರಕ್ತವಿಲ್ಲ. ಎಣ್ಣೆ, ಪಟ್ಟು, ದಬ್ಬೆ ಯಾವುದೂ ಅಲ್ಲಿಗೆ ತಲುಪುವುದಿಲ್ಲ. ತೊಡೆ, ಸೊಂಟಗಳ ಭಗ್ನಕ್ಕೆ ಸುಶ್ರುತನು ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ ಅಲುಗದಂತೆ ಗೂಟಗಳಿಗೆ ಕಟ್ಟುವ ಕಪಾಟಶಯನವನ್ನು ಹೇಳಿದ್ದಾನೆ. ಅಂದಿಗೆ ಅದು ಉಚಿತವೇ ಆಗಿತ್ತು. ಇಂದಿನ ತೂಕ ಕಟ್ಟಿ ಕಾಲೆಳೆಯುವ ಚಿಕಿತ್ಸೆಯೂ ಅದೇ ಜಾತಿಯದು. ಆದರೆ 78ರ ದೇಹವನ್ನು ಆರೆಂಟು ವಾರ ಮಲಗಿಸುವುದಕ್ಕೆ ಬೆಲೆಯಿದೆ. ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಮೂತ್ರದ ಸೋಂಕು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ, ಇವು ಒಂದರ ಹಿಂದೊಂದು ಬರುತ್ತವೆ.

ಆಪರೇಷನ್ ಆಗದವರಲ್ಲಿ ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಜನ ಉಳಿಯುವುದಿಲ್ಲವೆಂಬುದು ಅನೇಕ ಅಧ್ಯಯನಗಳ ಒಟ್ಟು ಅಂದಾಜು. ಇಲ್ಲಿಯೂ ಒಂದು ಎಚ್ಚರ ಬೇಕು. ಆಪರೇಷನ್ ಬೇಡವೆಂದು ವೈದ್ಯರೇ ಕೈಬಿಟ್ಟವರು ಮೊದಲೇ ಹೆಚ್ಚು ಬಳಲಿದವರಾಗಿರುತ್ತಾರೆ, ಆದ್ದರಿಂದ ಎರಡು ಸಂಖ್ಯೆಗಳ ಅಂತರವೆಲ್ಲವೂ ಆಪರೇಷನ್ನಿನ ಪುಣ್ಯವಲ್ಲ. ಆದರೂ ಬೀಳುವ ಹಿಂದಿನ ದಿನದವರೆಗೆ ನಡೆದಾಡುತ್ತಿದ್ದ ನಮ್ಮ ಉದಾಹರಣೆಯ ತಾಯಿಯ ಮಟ್ಟಿಗೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ವರ್ಷಗಳಿಂದ ಹಾಸಿಗೆ ಹಿಡಿದು, ಯಾರನ್ನೂ ಗುರುತಿಸದ, ಹೃದಯ ಪೂರ್ತಿ ಸೋತ ಹಿರಿಯರಾಗಿದ್ದರೆ ಅದೇ ತಕ್ಕಡಿ ಇನ್ನೊಂದು ಕಡೆ ವಾಲೀತು. ಅವರಿಗೆ ನೋವು ನಿವಾರಣೆ, ಮಗ್ಗುಲು ಬದಲಿಸುವ ಆರೈಕೆ, ಮನೆಯವರ ಸಾಮೀಪ್ಯ, ಇದೇ ಯೋಗ್ಯ ಚಿಕಿತ್ಸೆಯಾಗಬಹುದು. ಅದೂ ವೈದ್ಯರ ಸಲಹೆಯಂತೆ ತೆಗೆದುಕೊಂಡ ಗೌರವದ ನಿರ್ಧಾರವೇ ಹೊರತು ಕೈಚೆಲ್ಲುವುದಲ್ಲ.

ಇಷ್ಟನ್ನೂ ಸೇರಿಸಿ ಮಗ ತಾಯಿಗೆ ಓದಿ ಹೇಳಬಹುದಾದ ಸಾರ ಹೀಗಿರಬಹುದು:

“ಅಮ್ಮ, ನಿನ್ನ ಎಡತೊಡೆ ಮೂಳೆಯ ಮೇಲ್ತುದಿ ಮುರಿದು ಸರಿದುಬಿಟ್ಟಿದೆ. ಅದಕ್ಕೆ ರಕ್ತ ಸಿಗದೆ ಇರೋದರಿಂದ ಕಟ್ಟು ಹಾಕಿದರೆ ಕೂಡಲ್ಲ. ಬೆನ್ನಿಗೆ ಸೂಜಿ ಕೊಟ್ಟು, ಮುರಿದ ಗುಂಡು ತೆಗೆದು ಲೋಹದ ಗುಂಡು ಕೂರಿಸ್ತಾರೆ. ಮಾರನೇ ದಿನ ಹಿಡಿದು ನಿಲ್ಲಿಸ್ತಾರೆ. ನೋವು ಕಡಿಮೆಯಾಗಿ ನೀನು ಮತ್ತೆ ಓಡಾಡಲಿ ಅಂತ ಇದು. ಆದರೆ ಮೊದಲಿನ ಹಾಗೆ ನೆಲದ ಮೇಲೆ ಕೂರೋಕಾಗಲ್ಲ, ಕುರ್ಚಿ, ಕಮೋಡು ಬೇಕು. ಒಂದೆರಡು ದಿನ ಮನಸ್ಸು ಗಲಿಬಿಲಿ ಆಗಬಹುದು, ರಕ್ತ ಕೊಡಬೇಕಾಗಬಹುದು. ನೂರರಲ್ಲಿ ಇಬ್ಬರು ಮೂವರಿಗೆ ಕೀವಾಗಿ ಅಥವಾ ಗುಂಡು ಜಾರಿ ಇನ್ನೊಂದು ಆಪರೇಷನ್ ಬೇಕಾಗುತ್ತೆ. ನಿನ್ನ ವಯಸ್ಸಿನೋರಲ್ಲಿ ಜೀವಕ್ಕೂ ಅಪಾಯ ಇದೆ, ಮೊದಲ ತಿಂಗಳಲ್ಲಿ ನೂರರಲ್ಲಿ ಐದರಿಂದ ಹತ್ತು ಜನಕ್ಕೆ. ಮಾಡಿಸದೆ ಇದ್ದರೆ ತಿಂಗಳುಗಟ್ಟಲೆ ಮಲಗೇ ಇರಬೇಕು, ಹುಣ್ಣು, ಕೆಮ್ಮು, ಜ್ವರ ಬರುತ್ತೆ, ಜೀವಕ್ಕೆ ಅಪಾಯ ಇನ್ನೂ ಜಾಸ್ತಿ. ಡಾಕ್ಟರು ಮಾಡಿಸೋದು ಮೇಲು ಅಂತಾರೆ. ನಿನಗೇನನ್ನಿಸುತ್ತೆ?”

ಈ ಪುಟವನ್ನು ಓದುವ ಮುನ್ನ ಶಸ್ತ್ರಚಿಕಿತ್ಸಕರಿಗೊಮ್ಮೆ ತೋರಿಸಿ, ಅವರ ರೋಗಿಗೆ ಹೊಂದದ ಸಂಖ್ಯೆ ಇದ್ದರೆ ತಿದ್ದಿಸಿಕೊಳ್ಳಬೇಕು. ನಾವು ಇಲ್ಲಿ ಕೊಟ್ಟ ಸಂಖ್ಯೆಗಳು ಸರಾಸರಿ. ಓದಿದ ಮೇಲೆ ತಲೆಯಾಡಿಸಿದರೆಂದು ಬಿಡದೆ, ಯಾವ ಕಾಲು, ಏನು ಮಾಡುತ್ತಾರೆ, ಮಾಡಿಸದಿದ್ದರೆ ಏನಾಗುತ್ತದೆ ಎಂದು ಅವರಿಂದಲೇ ತಿರುಗಿ ಹೇಳಿಸಬೇಕು. ಹೇಳಬಲ್ಲರಾದರೆ ಸಹಿಯೋ ಹೆಬ್ಬೆಟ್ಟೋ ಅವರದೇ ಇರಬೇಕು, ಮಗ ಸಾಕ್ಷಿ ಮಾತ್ರ. ನೋವಿನ ಚುಚ್ಚುಮದ್ದಿನ ಮಂಪರಿನಲ್ಲಿ ಹೇಳಲಾಗದಿದ್ದರೆ ಒಂದೆರಡು ಗಂಟೆ ಬಿಟ್ಟು ಮನಸ್ಸು ತಿಳಿಯಾದಾಗ ಮತ್ತೆ ಓದಬೇಕು. ಮರೆವಿನ ಕಾಯಿಲೆಯಿಂದ ಅರ್ಥವೇ ಆಗದವರಾಗಿದ್ದರೆ ಆಗ ಮನೆಯವರು ನಿರ್ಧರಿಸಬೇಕು. ಆಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ, ಅವರು ಚೆನ್ನಾಗಿದ್ದಾಗ ಏನು ಬಯಸುತ್ತಿದ್ದರು ಎಂಬುದೇ.

ಸಾವಿನ ವಿಷಯವನ್ನು ತಾಯಿಗೆ ಹೇಳಬೇಕೇ, ಧೈರ್ಯಗೆಡುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಗಂಡನನ್ನು, ಒಡಹುಟ್ಟಿದವರನ್ನು ಕಳುಹಿಸಿಕೊಟ್ಟು 78 ವರ್ಷ ಬಾಳಿದವರಿಗೆ ಸಾವು ಅಪರಿಚಿತವಲ್ಲ. ನಾವು ಕಂಡಂತೆ ಅವರು ಹೆದರುವುದು ಸಾವಿಗಿಂತ ಹೆಚ್ಚಾಗಿ ಹಾಸಿಗೆಯಲ್ಲಿ ಬಿದ್ದು ಸೊಸೆಯ ಕೈಯಲ್ಲಿ ಎಲ್ಲವನ್ನೂ ಮಾಡಿಸಿಕೊಳ್ಳುವುದಕ್ಕೆ. ಆ ಭಯಕ್ಕೆ ಯಾವ ದಾರಿಯಲ್ಲಿ ಎಷ್ಟು ಪರಿಹಾರವಿದೆ ಎಂಬುದನ್ನು ತಿಳಿಯುವ ಹಕ್ಕು ಅವರಿಗಿದೆ. ಮಗಳು ಬೆಂಗಳೂರಿನಿಂದ ಬರಲಿ, ದಾಯಾದಿಗಳು ಸೇರಲಿ ಎಂದು ನಾಲ್ಕಾರು ದಿನ ಕಾಯುವುದೂ ಸರಿಯಲ್ಲ. ದೇಹಸ್ಥಿತಿ ಒಪ್ಪಿದರೆ ಈ ಆಪರೇಷನ್ 36ರಿಂದ 48 ಗಂಟೆಗಳೊಳಗೆ ಆಗುವುದು ಒಳ್ಳೆಯದು, ತಡವಾದಷ್ಟೂ ಮಲಗಿದವರ ತೊಂದರೆಗಳು ಮೊದಲಾಗುತ್ತವೆ. ಒಂದು ಪುಟದ ಸಾರವನ್ನು ಫೋನಿನಲ್ಲಿ ಓದಿ ಹೇಳಿದರೆ ದೂರದಲ್ಲಿರುವವರಿಗೂ ಅದೇ ಮಾತು ತಲುಪುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಸುದ್ದಿ ಹೋಗುವುದಿಲ್ಲ.

ಸಹಿಗೆ ಮುನ್ನ ಪತ್ರದಲ್ಲಿ ಇನ್ನೆರಡನ್ನು ನೋಡಬೇಕು. ಅಗತ್ಯ ಕಂಡುಬಂದರೆ ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೂ ಒಪ್ಪಿಗೆ ಇದೆ ಎಂಬ ಸಾಲು ಬಹಳ ಪತ್ರಗಳಲ್ಲಿರುತ್ತದೆ. ಈ ರೋಗಿಯ ವಿಷಯದಲ್ಲಿ ಅದರ ಅರ್ಥವೇನು ಎಂದು ಕೇಳಬೇಕು. ಮೂಳೆ ಸೀಳಿದರೆ ತಂತಿ ಸುತ್ತುತ್ತೇವೆ, ರಕ್ತ ಹೋದರೆ ರಕ್ತ ಕೊಡುತ್ತೇವೆ ಎಂಬುದು ಸಹಜವಾದ ಉತ್ತರ. 2008ರ ತೀರ್ಪಿನ ಪ್ರಕಾರ ಜೀವಕ್ಕೆ ಆ ಕ್ಷಣದ ಅಪಾಯವಿಲ್ಲದ ಹೊಸ ಚಿಕಿತ್ಸೆಗೆ ಹೊಸ ಒಪ್ಪಿಗೆಯೇ ಬೇಕು. ಎರಡನೆಯದು ಖಾಲಿ ಜಾಗಗಳು. ಚಿಕಿತ್ಸೆಯ ಹೆಸರು, ಎಡವೋ ಬಲವೋ, ವೈದ್ಯರ ಹೆಸರು, ದಿನಾಂಕ ತುಂಬದ ಪತ್ರಕ್ಕೆ ಸಹಿ ಹಾಕಬಾರದು.

ಕೊನೆಯದಾಗಿ ನಮ್ಮ ಪದ್ಧತಿಯ ಔಷಧಗಳ ಬಗ್ಗೆ ಒಂದು ಮಾತು. ಏನೇನು ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಮನೆಯವರು ರಕ್ತದೊತ್ತಡ, ಸಕ್ಕರೆಯ ಮಾತ್ರೆಗಳನ್ನಷ್ಟೇ ಹೇಳಿ, ಗುಗ್ಗುಳು, ಅಶ್ವಗಂಧ, ದಿನವೂ ನುಂಗುವ ಬೆಳ್ಳುಳ್ಳಿಯನ್ನು ಬಿಟ್ಟುಬಿಡುತ್ತಾರೆ. ಬೆಳ್ಳುಳ್ಳಿ, ಗುಗ್ಗುಳುಗಳು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಬಲ್ಲವು, ಅಶ್ವಗಂಧವು ಮಂಪರು ಔಷಧಗಳ ಜೊತೆ ಸೇರಿ ಮಂಪರನ್ನು ಹೆಚ್ಚಿಸಬಲ್ಲದು. ಹೃದಯಕ್ಕೆಂದು ಕೊಟ್ಟ ರಕ್ತ ತೆಳುಮಾಡುವ ಮಾತ್ರೆಯಿದ್ದರೆ ಬೆನ್ನಿಗೆ ಸೂಜಿ ಕೊಡಬಹುದೇ ಎಂಬ ನಿರ್ಧಾರವೇ ಬದಲಾಗುತ್ತದೆ. ಆದ್ದರಿಂದ ಮನೆಯಲ್ಲಿರುವ ಎಲ್ಲ ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಅರಿವಳಿಕೆ ವೈದ್ಯರ ಮುಂದಿಡಬೇಕು. ಅವರು ಲೆಕ್ಕ ಹಾಕುವ ಅಪಾಯ ನಾವು ಹೇಳಿದಷ್ಟರ ಮೇಲೆಯೇ ನಿಂತಿರುತ್ತದೆ.

ಬರೆದ ಪುಟವನ್ನು ಆಪರೇಷನ್ ಮುಗಿದ ಮೇಲೂ ಎಸೆಯಬಾರದು. ಅದರ ಬೆನ್ನಿಗೆ, ಮನೆಗೆ ಬಂದ ಮೇಲೆ ನೋಡಬೇಕಾದುದನ್ನು ಬರೆದಿಡಿ. ಗಾಯದಿಂದ ನೀರು ಅಥವಾ ಕೀವು ಬಂದರೆ, ಜ್ವರ ಬಂದರೆ, ಮೀನಖಂಡ ಊದಿ ನೋವಾದರೆ, ಹಠಾತ್ತಾಗಿ ಉಸಿರು ಕಟ್ಟಿದರೆ, ಇಲ್ಲವೇ ಸೊಂಟದಲ್ಲಿ ಛಳಕ್ಕೆಂದು ಕಾಲು ಗಿಡ್ಡವಾದರೆ, ಎಣ್ಣೆ ತಿಕ್ಕದೆ, ಕಾಲು ಎಳೆಯದೆ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಒಪ್ಪಿಗೆ ಪತ್ರದಲ್ಲಿದ್ದ ಅಪಾಯದ ಹೆಸರುಗಳು ಮನೆಯಲ್ಲಿ ಕಾಣಿಸಿಕೊಳ್ಳುವುದು ಈ ರೂಪದಲ್ಲಿಯೇ.